ತಲೆಕೆಳಗಾದ ಗೋಪುರದ ಲೆಕ್ಕ

ಹಂಪೆಯ ವಿರೂಪಾಕ್ಷ ದೇವಾಲಯದ ಹಿಂಭಾಗದಲ್ಲಿ ಒಂದು ಕತ್ತಲೆಯ ಎಡೆಯಿದೆ. ಸಣ್ಣ ಕಿಂಡಿಯೊಂದರ ಮೂಲಕ ಬಂದ ಬೆಳಕು ಪೂರ್ವದ ಮಹಾಗೋಪುರದ ತಲೆಕೆಳಗಾದ ಬಿಂಬವನ್ನು ಅಲ್ಲಿಯ ಗೋಡೆಯ ಮೇಲೆ ಮೂಡಿಸುತ್ತದೆ. ಸಮರೂಪ ತ್ರಿಭುಜಗಳ ಪಾಠಕ್ಕೆ ಹೊಸಪೇಟೆಯ ಆಸುಪಾಸಿನಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದೆಂದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಗಳು ಬಾಹುಗಳನ್ನು ತಪ್ಪಾಗಿ ಜೋಡಿಸುವ ಬಗೆಯನ್ನೂ ಇದು ಬಯಲಿಗೆಳೆಯುತ್ತದೆ.

ಗೋಪುರದ ಎತ್ತರ ಸುಮಾರು 50 ಮೀಟರು. ಉಳಿದ ಅಳತೆಗಳನ್ನು ಲೆಕ್ಕದ ಅನುಕೂಲಕ್ಕಾಗಿ ನಾವೇ ಕಲ್ಪಿಸಿಕೊಳ್ಳೋಣ. ಕಿಂಡಿಯು ಗೋಪುರದ ಬುಡದ ಮಟ್ಟದಲ್ಲಿಯೇ ಇದ್ದು ಅದರಿಂದ 120 ಮೀಟರು ದೂರದಲ್ಲಿರಲಿ. ಗೋಡೆಯು ಕಿಂಡಿಯಿಂದ 6 ಮೀಟರು ಒಳಗಿರಲಿ. ಆಗ ಗೋಪುರದ ತುದಿಯಿಂದ ಕಿಂಡಿಗೆ ಬರುವ ಓರೆಗೆರೆ, ಅಂದರೆ ಕರ್ಣ, 130 ಮೀಟರು.

ಬಿಂಬದ ಎತ್ತರವೆಷ್ಟು? ವಿದ್ಯಾರ್ಥಿಯ ಕಣ್ಣು ಮೇಲಿನದನ್ನು ಮೇಲಿನದಕ್ಕೆ ಹೊಂದಿಸುತ್ತದೆ. ಆದರೆ ಬಿಂಬದಲ್ಲಿ ಮೇಲಿರುವುದು ಗೋಪುರದ ಬುಡ! ಹೀಗಾಗಿ ಅವನು 130ಕ್ಕೆ 6ನ್ನು ಜೋಡಿಸಿ, 50 × 6 ÷ 130, ಸುಮಾರು 2.31 ಮೀಟರೆಂದು ಬರೆಯುತ್ತಾನೆ. ಸರಿಯುತ್ತರ 50 × 6 ÷ 120, ಅಂದರೆ 2.5 ಮೀಟರು. ಎರಡೂ ನಂಬಬಹುದಾದ ಸಂಖ್ಯೆಗಳೇ, ಅಪಾಯವಿರುವುದು ಅಲ್ಲಿಯೇ.

ಇಂಥ ಉತ್ತರವನ್ನು ಅದೇ ಅನುಪಾತದಲ್ಲಿ ಮರಳಿ ಇಟ್ಟು ತಾಳೆ ನೋಡುವ ಪದ್ಧತಿ ನಮ್ಮ ತರಗತಿಗಳಲ್ಲಿದೆ. ಅದು ನಿಷ್ಪ್ರಯೋಜಕ. ತಪ್ಪಿರುವುದು ಜೋಡಣೆಯಲ್ಲಿ, ಗುಣಾಕಾರವೇನೋ ಸರಿಯಾಗಿಯೇ ಇದೆ. ಅನುಪಾತವನ್ನು ಬಿಟ್ಟು ಬೇರೊಂದು ದಾರಿಯಿಂದ ಮೂರನೆಯ ಬಾಹುವನ್ನು ಕಂಡುಹಿಡಿಯಬೇಕು. ಲಂಬಕೋನ ತ್ರಿಭುಜದಲ್ಲಿ ಪೈಥಾಗೊರಸನ ಪ್ರಮೇಯವು ಆ ದಾರಿ. 6 ಮತ್ತು 2.5ರಿಂದ ಒಳಗಿನ ಕರ್ಣ 6.5 ಆಗುತ್ತದೆ, ಹೊರಗಿನ ಮೂರು ಬಾಹುಗಳೂ ಒಳಗಿನವುಗಳ ಸರಿಯಾಗಿ 20ರಷ್ಟಾಗುತ್ತವೆ. ವಿದ್ಯಾರ್ಥಿಯ ಜೋಡಣೆಯಂತೆ ಒಳಗಿನ ಕರ್ಣವು ಹೊರಗಿನ 120ಕ್ಕೆ ಹೊಂದಬೇಕು; ಆಗ ಅದು ಸುಮಾರು 5.54 ಮೀಟರು. ತನ್ನದೇ ಬಾಹುವಾದ 6ಕ್ಕಿಂತ ಗಿಡ್ಡವಾದ ಕರ್ಣವುಂಟೆ?

ಈ ಪರೀಕ್ಷೆಗೂ ಒಂದು ಮಿತಿಯಿದೆಯೆಂಬುದನ್ನು ಮರೆಯುವಂತಿಲ್ಲ. ಕರ್ಣವನ್ನು ಮುಟ್ಟದೆ ಉಳಿದೆರಡು ಬಾಹುಗಳನ್ನೇ ಅದಲುಬದಲು ಮಾಡಿದವನಿಗೆ ಬಿಂಬದ ಎತ್ತರ 14.4 ಮೀಟರು, ಕರ್ಣ 15.6 ಮೀಟರು ದೊರೆಯುತ್ತವೆ. ಪ್ರಮೇಯವೂ ಒಪ್ಪುತ್ತದೆ, ಮೂರು ಅನುಪಾತಗಳೂ ಒಂದೇ ಆಗುತ್ತವೆ! ಅಲ್ಲಿ ಕೋನವನ್ನೇ ಕೇಳಬೇಕು. ಕಿಂಡಿಯಲ್ಲಿ ಎರಡು ತ್ರಿಭುಜಗಳ ಕೋನವೂ ಒಂದೇ. ಹೊರಗೆ ಆ ಕೋನದ ಎದುರಿನ ಬಾಹು ದೂರದ ಅರ್ಧಕ್ಕಿಂತಲೂ ಕಡಿಮೆ. ಒಳಗೆ ಅದು ದೂರದ ಎರಡರಷ್ಟನ್ನೂ ಮೀರಿದರೆ ಜೋಡಣೆ ಕೆಟ್ಟಿದೆಯೆಂದೇ ಅರ್ಥ. ಆದುದರಿಂದ ಲೆಕ್ಕಕ್ಕೆ ತೊಡಗುವ ಮುನ್ನವೇ ಸಮಕೋನಗಳನ್ನು ಗುರುತಿಸಿ, ಯಾವ ಬಾಹು ಯಾವ ಕೋನದ ಎದುರಿಗಿದೆಯೆಂದು ಬರೆಯಿಸಬೇಕು. ಪರೀಕ್ಷಕರು ಆ ಒಂದು ಸಾಲಿಗೂ ಅಂಕ ಕೊಡಬೇಕು.