ಮಾಡಿದವರಿಗೇ ಓದಲು ಬಾರದ ಮಾತು ಅಂಗಡಿಯಲ್ಲಿ ಬೇಡ

ವಿಜಯಪುರ ಕಡೆಯ ಒಂದು ಹಳ್ಳಿಯ ಮಹಿಳಾ ಸಂಘದವರು ಖಡಕ್ ಜೋಳದ ರೊಟ್ಟಿ ಮಾಡಿ ಆನ್‌ಲೈನಿನಲ್ಲಿ ಮಾರುತ್ತಾರೆ. ಅಂಗಡಿ ಎಂದರೆ ವಾಟ್ಸ್ಯಾಪ್ ಬಿಸಿನೆಸ್‌ನ ಒಂದು ಕ್ಯಾಟಲಾಗ್, ಒಂದು ಫೋನು, ಕೊರಿಯರ್ ಆಫೀಸಿಗೆ ಹೋಗಿ ಬರುವ ಒಂದು ಸ್ಕೂಟಿ. ರೊಟ್ಟಿಯ ಬಗ್ಗೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಡಿ ಎಂದು ಅವರು ನಮ್ಮನ್ನು ಕೇಳಿದ್ದರು. ಪತ್ರಿಕೋದ್ಯಮ ಓದಿದವರಲ್ಲವೇ ನಾವು, ಒಂದು ಸಂಜೆಯಲ್ಲಿ ಬರೆದುಕೊಟ್ಟೆವು.

ಹದಿನೈದು ದಿನದ ಮೇಲೆ ಆ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜು ಬಂತು. ನಿಮ್ಮ ರೊಟ್ಟಿ ಗ್ಲುಟನ್ ಫ್ರೀ ಎಂದು ಹಾಕಿದ್ದೀರಿ, ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ, ಇದನ್ನು ಕೊಡಬಹುದೇ ಎಂದು ಒಬ್ಬ ತಾಯಿ ಕೇಳಿದ್ದರು. ಸಂಘದವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಫೋನು ನಮ್ಮ ಕೈಗೆ ಬಂತು. ಗೋಧಿಯಲ್ಲಿರುವ ಅಂಟಿನ ಅಂಶ ನಿಮ್ಮ ರೊಟ್ಟಿಯಲ್ಲಿ ಇಲ್ಲ ಎಂದು ಬರೆದಿದ್ದೇವೆ, ಅದನ್ನೇ ಕೇಳುತ್ತಿದ್ದಾರೆ ಎಂದು ಹೇಳಿದೆವು. ಸಂಘದ ಅಧ್ಯಕ್ಷೆ ನಮ್ಮ ಮುಖ ನೋಡಿದರು. ‘ನಮ್ಮ ಗಿರಣ್ಯಾಗ ಗೋದಿನೂ ಬೀಸ್ತಾರಲ್ಲವಾ ತಂಗಿ. ಇದನ್ನ ಬರಿಯೂ ಮೊದಲ ನಮಗೊಂದ ಮಾತ ಕೇಳಬೇಕಿತ್ತ’ ಎಂದರು.

ತಪ್ಪು ನಮ್ಮದೇ. ಪೇಟೆಯ ಬೇರೆ ಅಂಗಡಿಗಳು ಜೋಳದ ರೊಟ್ಟಿಯ ಕೆಳಗೆ ಹೀಗೆಯೇ ಬರೆದಿದ್ದವು, ನಾವೂ ಬರೆದೆವು. ಕನ್ನಡದ ಸಾಲುಗಳಲ್ಲಿ ಈ ಮಾತು ಇರಲೇ ಇಲ್ಲ. ಇದ್ದಿದ್ದರೆ ಆ ಹೆಂಗಸರು ಮೊದಲ ದಿನವೇ ಹಿಡಿಯುತ್ತಿದ್ದರು.

ಜೋಳದಲ್ಲಿ ಗ್ಲುಟನ್ ಇಲ್ಲ ಎಂಬುದು ನಿಜ. ಆದರೆ ಊರ ಗಿರಣಿಯಲ್ಲಿ ನಮಗಿಂತ ಮೊದಲು ಯಾರೋ ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ. ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು ನಮ್ಮ ಜೋಳದ ಹಿಟ್ಟಿನ ಜೊತೆ ಇಳಿಯುತ್ತದೆ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಗ್ಲುಟನ್ ಫ್ರೀ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟನ್ 20 ಮಿಲಿಗ್ರಾಂ ದಾಟಬಾರದು. ಗೋಧಿ ಹಿಟ್ಟಿನ ಸುಮಾರು ಹತ್ತನೇ ಒಂದು ಪಾಲು ಗ್ಲುಟನ್ನೇ. ಲೆಕ್ಕ ಹಾಕಿದರೆ ಒಂದು ಕಿಲೋ ಜೋಳದ ಹಿಟ್ಟಿಗೆ ಒಂದು ಚಿಟಿಕೆಗಿಂತ ಕಡಿಮೆ ಗೋಧಿ ಹಿಟ್ಟು ಸೇರಿದರೂ ಮಿತಿ ಮೀರುತ್ತದೆ. ಸೀಲಿಯಾಕ್ ಇರುವವರ ಕರುಳಿಗೆ ಸಣ್ಣ ಪ್ರಮಾಣವೂ ದಿನದಿನಕ್ಕೆ ಹೊಟ್ಟೆಗೆ ಹೋದರೆ ಹಾನಿ ಮಾಡಬಲ್ಲದು. ಇಷ್ಟೆಲ್ಲ ಇರುವ ಎರಡು ಪದಗಳನ್ನು ನಾವು ಅಲಂಕಾರಕ್ಕೆ ಹಾಕಿದಂತೆ ಹಾಕಿದ್ದೆವು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಸರಕು ಮಾಡಿದವರಿಗೆ ಓದಿ ಹೇಳದ ಒಂದು ಸಾಲೂ ಅವರ ಅಂಗಡಿಯಲ್ಲಿ ಇರಬಾರದು. ಅದಕ್ಕೆ ದಾರಿ ಎಂದರೆ ಮೊದಲು ಕನ್ನಡದಲ್ಲಿ ಬರೆಯುವುದು, ಅದೂ ಮಾಡುವವರನ್ನು ಎದುರಿಗೆ ಕೂರಿಸಿಕೊಂಡು.

ಎರಡನೇ ಸಲ ನಾವು ಹಾಗೆಯೇ ಮಾಡಿದೆವು. ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಖಚಿತ ಸಂಗತಿಗಳನ್ನು ಮಾತ್ರ ಬರೆದೆವು. ಜೋಳ ಯಾವುದು? ಬಿಳಿಜೋಳ. ಬೇರೆ ಏನು ಹಾಕುತ್ತೀರಿ? ನೀರು, ಉಪ್ಪು, ಮೇಲೆ ಎಳ್ಳು. ಕೈಯಿಂದ ಬಡಿಯುವುದೋ ಮಶೀನೋ? ಕೈಯಿಂದ. ಅಗಲ ಎಷ್ಟು? ಟೇಪು ಹಿಡಿದು ನೋಡಿದೆವು, 10 ಇಂಚು. ತೂಕ ಎಷ್ಟು? ಇಲ್ಲಿ ಒಂದು ಪಾಠ ಸಿಕ್ಕಿತು. ಹತ್ತು ರೊಟ್ಟಿಯ ಐದು ಕಟ್ಟುಗಳನ್ನು ತೂಗಿದರೆ 320 ಗ್ರಾಮಿನಿಂದ 350 ಗ್ರಾಮಿನವರೆಗೆ ಬಂತು, ಕೈ ಕೈಗೆ ವ್ಯತ್ಯಾಸ. ನಾವು ಮೊದಲು 350 ಎಂದು ಬರೆದಿದ್ದೆವು. ಬರೆದ ತೂಕಕ್ಕಿಂತ ಒಳಗೆ ಕಡಿಮೆ ಇದ್ದರೆ ಕೊಂಡವರಿಗೆ ಮೋಸ, ಕಾನೂನಿನ ತಕರಾರೂ ಬರುತ್ತದೆ. ಹೆಚ್ಚಿದ್ದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಎರಡೂ ಭಾಷೆಯಲ್ಲಿ 320 ಗ್ರಾಂ ಎಂದು ಹಾಕಿದೆವು.

ಆ ಹಾಳೆಯಿಂದ ಎರಡು ವಿವರಣೆ ಹುಟ್ಟಿದವು. ಒಂದು ಇನ್ನೊಂದರ ಅನುವಾದವಲ್ಲ. ಯಾಕೆಂದರೆ ಓದುವವರು ಬೇರೆ, ಅವರ ಪ್ರಶ್ನೆಗಳೂ ಬೇರೆ. ಬೆಂಗಳೂರಿನಲ್ಲಿ ಕೂತ ನಮ್ಮ ಕಡೆಯವರಿಗೆ ಖಡಕ್ ರೊಟ್ಟಿ ಎಂದರೇನು ಎಂದು ಹೇಳಿದರೆ ನಗುತ್ತಾರೆ. ಅವರಿಗೆ ಬೇಕಾದದ್ದು ಕೈ ರೊಟ್ಟಿಯೋ ಮಶೀನ್ ರೊಟ್ಟಿಯೋ, ತೆಳ್ಳಗಿದೆಯೋ ಇಲ್ಲವೋ ಎಂಬುದು. ಕನ್ನಡದಲ್ಲಿ ಹೀಗೆ ಬರೆದೆವು: ‘ಬಿಳಿಜೋಳದ ಖಡಕ್ ರೊಟ್ಟಿ. ಕೈಯಿಂದ ಬಡಿದದ್ದು, ಎಳ್ಳು ಹಚ್ಚಿದ್ದು, ತೆಳ್ಳಗಿರುತ್ತದೆ. ಅಗಲ 10 ಇಂಚು. 10 ರೊಟ್ಟಿ, ತೂಕ 320 ಗ್ರಾಂ. ಗೋಧಿಯನ್ನೂ ಬೀಸುವ ಗಿರಣಿಯ ಹಿಟ್ಟು; ಗೋಧಿ ಆಗದ ಕಾಯಿಲೆ ಇರುವವರಿಗೆ ಬೇಡ. ದಾರಿಯಲ್ಲಿ ಹತ್ತಕ್ಕೆ ಒಂದು ಮುರಿಯಬಹುದು.’

ಪುಣೆಯಲ್ಲೋ ಕೊಚ್ಚಿಯಲ್ಲೋ ಮೊದಲ ಸಲ ನೋಡುವವರಿಗೆ ಇದು ಏನು, ಹೇಗೆ ತಿನ್ನುವುದು ಎಂಬುದೇ ಮೊದಲ ಪ್ರಶ್ನೆ. ಅವರಲ್ಲಿ ಕೆಲವರು ಮೃದುವಾದ ರೊಟ್ಟಿ ಬರುತ್ತದೆ ಎಂದುಕೊಂಡು ತರಿಸಿ, ಹಪ್ಪಳದ ಹಾಗಿದೆ ಎಂದು ತಕರಾರು ಮಾಡಿದ್ದೂ ಇದೆ. ಆದ್ದರಿಂದ ಇಂಗ್ಲಿಷಿನಲ್ಲಿ ಶುರು ಬೇರೆ:

```
Kadak rotti: thin, dry, crisp jowar flatbread.
Not soft. Eat as it is, with curry or chutney.
10 pieces, 320 g. Jowar, water, salt, sesame.
Milled where wheat is also milled.
Not suitable for people with celiac disease.
1 in 10 may break on the way.
```

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮಾತಿನ ದಾಟಿ ಬೇರೆ, ಆದರೆ ಎಣಿಕೆ, ತೂಕ, ಯಾರಿಗೆ ಬೇಡ, ಎಷ್ಟು ಮುರಿಯಬಹುದು ಎಂಬುದು ಒಂದೇ. ಪರೀಕ್ಷೆ ಮಾಡುವುದೂ ಸುಲಭ. ಇಂಗ್ಲಿಷ್ ಬಲ್ಲವರು ಒಬ್ಬರು ಇಂಗ್ಲಿಷಿನ ಪ್ರತಿ ಸಾಲನ್ನೂ ಮಾಡುವವರಿಗೆ ಕನ್ನಡದಲ್ಲಿ ಹೇಳಬೇಕು. ‘ಹೌದು, ಇದು ಖರೆ’ ಎಂದು ಅವರು ಒಪ್ಪದ ಸಾಲನ್ನು ಹೊಡೆದುಹಾಕಬೇಕು.

ಇಷ್ಟು ಬಿಚ್ಚಿ ಹೇಳಿದರೆ ಯಾರು ಕೊಳ್ಳುತ್ತಾರೆ ಎಂದು ಸಂಘದಲ್ಲೇ ಒಬ್ಬರು ಕೇಳಿದರು. ಕೆಲವರು ಕೊಳ್ಳುವುದಿಲ್ಲ, ಅದೂ ನಿಜ. ಆದರೆ ಹತ್ತು ರೊಟ್ಟಿಯ ಕಟ್ಟಿಗೆ ಅವರು ಇಟ್ಟ ಬೆಲೆ 120 ರೂಪಾಯಿ, ಹೊರ ರಾಜ್ಯಕ್ಕೆ ಒಂದು ಪಾರ್ಸೆಲ್‌ಗೆ ಕೊರಿಯರ್ ಖರ್ಚು 90 ರೂಪಾಯಿಯ ಆಸುಪಾಸು. ತಪ್ಪು ತಿಳಿದು ತರಿಸಿದ ಒಬ್ಬರು ವಾಪಸ್ ಕಳಿಸಿದರೆ ಹೋಗಿ ಬರುವ ಖರ್ಚೇ ರೊಟ್ಟಿಯ ಬೆಲೆಯನ್ನು ನುಂಗುತ್ತದೆ. ಬೇಡದವರು ಓದುವಾಗಲೇ ಬಿಟ್ಟುಹೋಗುವುದು ಅಗ್ಗ.

ಇನ್ನು ಗ್ರಾಹಕರಿಗೆ ಕೊಡುವ ಉತ್ತರದ ಮಾತು. ಮೊದಲ ತಿಂಗಳಲ್ಲಿ ಪುಣೆಯವರೊಬ್ಬರು 20 ರೊಟ್ಟಿ ತರಿಸಿದ್ದರು, 7 ಮುರಿದಿದ್ದವು. ಫೋಟೊ ಹಾಕಿ ಇಂಗ್ಲಿಷಿನಲ್ಲಿ ಕೇಳಿದರು. ಸಂಘದ ಹುಡುಗಿ, ಪಿಯುಸಿ ಓದಿದವಳು, ಕೂಡಲೇ ಉತ್ತರ ಕೊಟ್ಟಳು. ಅವಳ ಮನಸ್ಸಿನಲ್ಲಿ ಇದ್ದದ್ದು ‘ರೊಟ್ಟಿ ಅಂದ್ರ ಮುರಿತಾವ್ರೀ, ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ’ ಎಂಬ ಮಾತು. ಇಂಗ್ಲಿಷಿಗೆ ಬಂದದ್ದು ಬರೀ ‘ರೊಟ್ಟಿ ವಿಲ್ ಬ್ರೇಕ್, ಪ್ಲೀಸ್ ಅಡ್ಜಸ್ಟ್’. ಗ್ರಾಹಕರು ಸಿಟ್ಟಾಗಿ ಮತ್ತೆ ಆರ್ಡರ್ ಮಾಡಲಿಲ್ಲ.

ಹುಡುಗಿ ಒರಟಾಗಿ ಮಾತಾಡಿರಲಿಲ್ಲ. ನಮ್ಮ ಮಾತಿನಲ್ಲಿ ಮರ್ಯಾದೆ ಇರುವುದು ಆ ‘ರೀ’ಯಲ್ಲಿ. ಇಂಗ್ಲಿಷಿಗೆ ಹೋಗುವಾಗ ಅದು ದಾರಿಯಲ್ಲೇ ಉದುರಿಹೋಯಿತು. ಇಂಗ್ಲಿಷಿನಲ್ಲಿ ಅದರ ಜಾಗವನ್ನು ತುಂಬುವುದು ಖಚಿತತೆ: ಏನಾಗಿದೆ ಎಂದು ನೋಡಿದ್ದೇವೆ, ಏನು ಕೊಡುತ್ತೇವೆ, ಯಾವಾಗ ಕೊಡುತ್ತೇವೆ. ‘ನೋಡೋಣ’ ಎಂಬುದೂ ಹಾಗೆಯೇ. ನಮ್ಮೊಳಗೆ ಅದು ಭರವಸೆಯ ಮಾತಾಗಬಹುದು, ಇಂಗ್ಲಿಷಿನಲ್ಲಿ ಬರೆದರೆ ಕೈತೊಳೆದುಕೊಂಡ ಹಾಗೆ ಕೇಳುತ್ತದೆ.

ಈಗ ಅವರ ಉತ್ತರ ಹೀಗಿದೆ. 20ಕ್ಕೆ 2 ಮುರಿಯಬಹುದೆಂದು ಮೊದಲೇ ಹೇಳಿದೆ. ಮುರಿದದ್ದು 7 ಆದರೆ ಉಳಿದ 5ಕ್ಕೆ, ಒಂದಕ್ಕೆ 12 ರೂಪಾಯಿಯಂತೆ, 60 ರೂಪಾಯಿ ವಾಪಸ್:

```
We saw your photo. 7 of 20 are broken.
Our page says 2 may break. For the other 5
we will return Rs 60 today. Please send
your UPI ID. No PIN is needed.
```

ಪಿನ್ ಬೇಡ ಎಂಬ ಮಾತು ಬೇಕೇ ಬೇಕು. ಯುಪಿಐನಲ್ಲಿ ಹಣ ಪಡೆಯುವವರು ಪಿನ್ ಒತ್ತಬೇಕಿಲ್ಲ, ಆದರೂ ಹಾಗೆ ಒತ್ತಿಸಿಯೇ ಮೋಸ ಮಾಡುವವರು ಇದ್ದಾರೆ. ಕೊಂಡವರಿಗೆ ಆ ಅನುಮಾನ ಸಹಜ.

ಕನ್ನಡದ ಉತ್ತರ ಬರೆಯುವಾಗ ತಪ್ಪು ಉಲ್ಟಾ ದಿಕ್ಕಿನಿಂದ ಬರುತ್ತದೆ. ನಾವು ಮೊದಲು ಬರೆದಿದ್ದ ಸಾಲು: ‘ಆತ್ಮೀಯ ಗ್ರಾಹಕರೇ, ತಮ್ಮ ದೂರನ್ನು ಸ್ವೀಕರಿಸಲಾಗಿದ್ದು ಶೀಘ್ರದಲ್ಲೇ ಕ್ರಮ ಕೈಗೊಳ್ಳಲಾಗುವುದು.’ ಇದು ದೊಡ್ಡ ಕಂಪನಿಯ ಇಂಗ್ಲಿಷಿನ ನಕಲು. ಕನ್ನಡದಲ್ಲಿ ಓದಿದರೆ ತಾಲ್ಲೂಕು ಕಚೇರಿಯ ಹಿಂಬರಹದ ಹಾಗಿದೆ. ಅಂಥ ಕಾಗದ ಬಂದರೆ ಕೆಲಸ ಆಗುವುದಿಲ್ಲ ಎಂದೇ ನಮ್ಮ ಜನ ತಿಳಿಯುತ್ತಾರೆ. ಈಗ ಬರೆಯುವುದು ಹೀಗೆ: ‘ಫೋಟೊ ನೋಡಿದ್ವಿರೀ. 7 ಮುರಿದಾವ. 2 ಮುರಿಯೂದು ಮೊದಲ ಹೇಳಿದ್ವಿ, ಉಳಿದ 5ಕ್ಕ 60 ರೂಪಾಯಿ ಇವತ್ತ ಕಳಸ್ತೀವಿ. ಯುಪಿಐ ಐಡಿ ಕಳಸ್ರಿ, ಪಿನ್ ಯಾರಿಗೂ ಹೇಳಬ್ಯಾಡ್ರಿ.’ ಇವನ್ನು ವಾಟ್ಸ್ಯಾಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈನಲ್ಲಿ ಉಳಿಸಿಟ್ಟಿದ್ದಾರೆ. ಚಾಟ್‌ನಲ್ಲಿ / ಒತ್ತಿದರೆ ಸಾಲು ಬರುತ್ತದೆ, ಎಣಿಕೆ ಮತ್ತು ಹಣ ಮಾತ್ರ ಬದಲಿಸಿದರೆ ಆಯಿತು. ಬದಲಿಸಲು ಮರೆತು ಹಳೆಯ ಎಣಿಕೆಯೇ ಹೋದದ್ದೂ ಒಮ್ಮೆ ಆಗಿದೆ. ಹಾಗಾಗಿ ಆ ಜಾಗದಲ್ಲಿ ಈಗ ಖಾಲಿ ಗೆರೆ ಎಳೆದಿಟ್ಟಿದ್ದಾರೆ. ಉತ್ತರವೂ ಬಂದ ಭಾಷೆಯಲ್ಲೇ ಹೋಗುತ್ತದೆ.

ಪ್ಯಾಕೆಟ್ಟಿನ ಲೇಬಲ್ ವಿಷಯದಲ್ಲಿ ನಮಗೊಂದು ಬೇಸರ ಇದೆ. ಆಹಾರದ ಲೇಬಲ್ಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು ಎನ್ನುತ್ತದೆ ಕೇಂದ್ರದ ನಿಯಮ, ಬೇರೆ ಭಾಷೆ ಜೊತೆಗೆ ಇರಬಹುದು. ಅಂದರೆ ರೊಟ್ಟಿ ಬಡಿದ ಕೈಗೆ ಓದಲು ಬರುವ ಭಾಷೆ ಅಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ‘ಇರಬಹುದು’ ಎಂಬ ಆ ಸಣ್ಣ ಜಾಗವನ್ನು ನಾವು ಪೂರ್ತಿ ಬಳಸಬೇಕು.

ಆ ತಾಯಿಗೆ ಕೊಟ್ಟ ಉತ್ತರದಲ್ಲಿ ಮೂರೇ ಸಂಗತಿ ಇದ್ದವು. ನಾವು ತಪ್ಪು ಬರೆದಿದ್ದೆವು, ಗಿರಣಿಯಲ್ಲಿ ಗೋಧಿಯೂ ಬೀಸುತ್ತಾರೆ, ದಯವಿಟ್ಟು ಮಗಳಿಗೆ ಕೊಡಬೇಡಿ. ಅಧ್ಯಕ್ಷೆ ಕನ್ನಡದಲ್ಲಿ ಹೇಳಿದರು, ನಾವು ಇಂಗ್ಲಿಷಿನಲ್ಲಿ ಬರೆದೆವು, ಕಳಿಸುವ ಮೊದಲು ಅವರಿಗೆ ಓದಿ ಹೇಳಿದೆವು. ಆಕೆ ಧನ್ಯವಾದ ಹೇಳಿದರು, ರೊಟ್ಟಿ ತರಿಸಲಿಲ್ಲ. ಆ ದಿನದ ಅಂಗಡಿಯ ಒಳ್ಳೆಯ ವ್ಯಾಪಾರ ಅದೇ.