ಅರಳು ಮರಳು ಅನ್ನುವುದು ಕಾಯಿಲೆಯ ಹೆಸರಲ್ಲ

ಅರವತ್ತಕ್ಕೆ ಅರಳು ಮರಳು ಅಂತ ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಅದರಷ್ಟು ಮನೆ ಹಾಳು ಮಾಡಿದ ಗಾದೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಮುಂಬಯಿಯಲ್ಲಿ ನಮ್ಮವರು ನಾಲ್ಕು ಜನ ಸೇರಿದ ಕಡೆಯೆಲ್ಲ ಅದು ಕೇಳಿಸುತ್ತದೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವವರಿಗೂ ಅದೇ ಮಾತು, ಮಗಳ ಹೆಸರನ್ನೇ ಮರೆತವರಿಗೂ ಅದೇ ಮಾತು. ಮೊದಲನೆಯವರು ಸುಮ್ಮನೆ ಹೆದರುತ್ತಾರೆ. ಎರಡನೆಯವರ ಮನೆಯವರು ಹೆದರಬೇಕಾದ ಹೊತ್ತಿನಲ್ಲಿ ನಕ್ಕು ಸುಮ್ಮನಾಗುತ್ತಾರೆ. ನಾನು ಡಾಕ್ಟರಲ್ಲ, ಬಿ.ಕಾಂ. ಓದಿ ಬ್ಯಾಂಕು ಸೇರಿದವನು. ಆದರೆ ಮೂವತ್ತು ವರ್ಷದಿಂದ ಪಿಂಚಣಿದಾರರನ್ನು ಕೌಂಟರಿನ ಈಚೆಯಿಂದ ನೋಡುತ್ತಾ ಬಂದಿದ್ದೇನೆ. ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿಯೂ ಇದ್ದೇನೆ. ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಮೊದಲು ಒಂದು ಸಂಗತಿ. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಮುದುಕರಲ್ಲಿ ಅಲ್ಲವೇ ಅಲ್ಲ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ ಹೆಂಗಸನ್ನು ಸೇರಿಸಿದರು. ಆಕೆಗೆ ಆಗ 51 ವರ್ಷ, ಅಂದರೆ ನನಗಿಂತ ಚಿಕ್ಕವರು! ಅಲೋಯಿಸ್ ಅಲ್ಝೈಮರ್ ಎಂಬ ಡಾಕ್ಟರು ಆಕೆಗೆ ಪೆನ್ಸಿಲು, ಪೆನ್ನು, ಕೀಲಿಕೈ ಇಂಥವನ್ನೆಲ್ಲ ತೋರಿಸಿದರು. ಆಕೆ ಎಲ್ಲದರ ಹೆಸರನ್ನೂ ಸರಿಯಾಗಿ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಆಗ ಏನೇನು ತೋರಿಸಿದೆ ಅಂತ ಕೇಳಿದರೆ ಆಕೆಗೆ ಗೊತ್ತೇ ಇಲ್ಲ. ಊಟಕ್ಕೆ ಹೂಕೋಸು ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಅಂದರೆ ಪಾಲಕ್ ಅಂದರಂತೆ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲ್ಝೈಮರ್ ಆಕೆಯ ಮಿದುಳನ್ನು ತರಿಸಿಕೊಂಡು, ಬೆಳ್ಳಿಯ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಲಿ ಎರಡು ಬಗೆಯ ಕಸ ಕಂಡಿತು. ಒಂದು ನರಕೋಶಗಳ ನಡುವೆ ಬಿದ್ದಿದ್ದ ಗಂಟುಗಂಟಾದ ಕಲೆಗಳು. ಇನ್ನೊಂದು ಕೋಶದ ಒಳಗೇ ಸಿಕ್ಕುಬಿದ್ದಿದ್ದ ದಪ್ಪ ಎಳೆಗಳು. ಅದೇ ವರ್ಷ ಟ್ಯೂಬಿಂಗೆನ್ನಿನ ಸಭೆಯಲ್ಲಿ ಅವರು ಇದನ್ನು ಹೇಳಿದಾಗ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ.

ಆಮೇಲೆ ಆದ ತಮಾಷೆ ನೋಡಿ. ಸುಮಾರು ಅರವತ್ತು ವರ್ಷ ವೈದ್ಯಲೋಕವೂ ನಮ್ಮ ಗಾದೆಯನ್ನೇ ನಂಬಿಕೊಂಡು ಕೂತಿತ್ತು. ಅರವತ್ತೈದರ ಒಳಗಿನವರಿಗೆ ಬಂದರೆ ಅದು ಅಪರೂಪದ ಅಲ್ಝೈಮರ್ ಕಾಯಿಲೆ, ಅದಕ್ಕಿಂತ ದೊಡ್ಡವರಿಗೆ ಬಂದರೆ ಬರೀ ಮುಪ್ಪು! 1968ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಬ್ಲೆಸ್ಡ್, ಟಾಮ್ಲಿನ್ಸನ್ ಮತ್ತು ರಾತ್ ಎಂಬ ಮೂವರು ಮರೆವು ಬಂದಿದ್ದ ಮುದುಕರ ಮಿದುಳುಗಳನ್ನು ಪರೀಕ್ಷಿಸಿದಾಗ ಅಲ್ಲೂ ಅದೇ ಕಲೆಗಳು, ಅದೇ ಸಿಕ್ಕುಗಳು ಕಂಡವು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ ಒಂದು ಪುಟ್ಟ ಸಂಪಾದಕೀಯ ಬರೆದು, ಇವೆರಡೂ ಒಂದೇ ಕಾಯಿಲೆ, ವಯಸ್ಸಿನ ಗೆರೆ ಎಳೆದಿದ್ದು ನಾವು ಎಂದು ವಾದಿಸಿದರು. ವಯಸ್ಸಾದಂತೆ ಈ ಕಾಯಿಲೆ ಬರುವ ಸಂಭವ ಹೆಚ್ಚುತ್ತದೆ, ಅದು ನಿಜ. ಕಣ್ಣಿನ ಪೊರೆಯೂ ಹಾಗೆಯೇ. ಪೊರೆ ಬಂದರೆ ನಾವು ಗಾದೆ ಹೇಳಿಕೊಂಡು ಕೂರುತ್ತೇವೆಯೇ?

ಆ ಎರಡು ಕಸಗಳ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ, ಅಮಿಲಾಯ್ಡ್ ಮತ್ತು ಟೌ. ಕೋಶದ ಹೊರಗೆ ಬೀಳುವುದು ಅಮಿಲಾಯ್ಡ್. ನರಕೋಶದ ಹೊದಿಕೆಯಲ್ಲಿರುವ ಒಂದು ದೊಡ್ಡ ಪ್ರೋಟೀನನ್ನು ಕಿಣ್ವಗಳು ಕತ್ತರಿಸಿದಾಗ ಉಳಿಯುವ ತುಂಡು ಅದು. ಅದರಲ್ಲೂ 42 ಅಮೈನೋ ಆಮ್ಲಗಳ ತುಂಡಿಗೆ ಅಂಟು ಜಾಸ್ತಿ, ಒಂದಕ್ಕೊಂದು ಅಂಟಿಕೊಂಡು ಗಡ್ಡೆಯಾಗುತ್ತದೆ. ಕೋಶದ ಒಳಗಿರುವುದು ಟೌ. ಇದು ನಿಜಕ್ಕೂ ಬೇಕಾದ ಪ್ರೋಟೀನು. ನರಕೋಶದ ಉದ್ದನೆಯ ಬಾಲದೊಳಗೆ ಸರಕು ಸಾಗಿಸುವ ಹಳಿಗಳಿವೆ, ಆ ಹಳಿಗಳು ಅಲುಗಾಡದಂತೆ ಹಿಡಿದಿಡುವುದು ಟೌ ಕೆಲಸ. ಕಾಯಿಲೆಯಲ್ಲಿ ಟೌ ಮೇಲೆ ಬೇಡದಷ್ಟು ಫಾಸ್ಫೇಟ್ ಕೂತು, ಅದು ಹಳಿಯನ್ನು ಬಿಟ್ಟು ತಾನೇ ಸುತ್ತಿಕೊಂಡು ಸಿಕ್ಕಾಗುತ್ತದೆ. ಸರಕು ನಿಂತ ಕೋಶ ನಿಧಾನವಾಗಿ ಸಾಯುತ್ತದೆ.

ಇಲ್ಲಿ ಬಹಳ ಜನ ತಪ್ಪಾಗಿ ತಿಳಿದಿರುವ ವಿಷಯವೊಂದಿದೆ. ಮರೆವಿನ ಲೆಕ್ಕ ಹೆಚ್ಚು ತಾಳೆಯಾಗುವುದು ಅಮಿಲಾಯ್ಡ್ ಜೊತೆ ಅಲ್ಲ, ಟೌ ಜೊತೆ. ಅಮಿಲಾಯ್ಡ್ ಹದಿನೈದು ಇಪ್ಪತ್ತು ವರ್ಷ ಮೊದಲೇ ಸದ್ದಿಲ್ಲದೆ ಕೂಡಿಕೊಳ್ಳುತ್ತಿರುತ್ತದೆ, ಮನುಷ್ಯ ಚೆನ್ನಾಗಿಯೇ ಇರುತ್ತಾನೆ. ಅಮಿಲಾಯ್ಡ್ ಇದ್ದೂ ಕೊನೆಯತನಕ ಚುರುಕಾಗಿಯೇ ಬದುಕಿ ತೀರಿಕೊಂಡವರು ಎಷ್ಟೋ ಜನ. ಟೌ ಸಿಕ್ಕು ಮೊದಲು ಶುರುವಾಗುವುದು ಕಿವಿಯ ನೇರಕ್ಕೆ ಒಳಗಿರುವ, ಹಿಪೊಕ್ಯಾಂಪಸ್ ಎಂಬ ಭಾಗದ ಹೊಸ್ತಿಲಲ್ಲಿ. ವಯಸ್ಸಾದ ಹೆಚ್ಚುಕಡಿಮೆ ಎಲ್ಲರಲ್ಲೂ ಅಲ್ಲಿ ಸ್ವಲ್ಪ ಟೌ ಇರುತ್ತದೆ, ಅದರಿಂದ ದೊಡ್ಡ ತೊಂದರೆಯಿಲ್ಲ. ಅಮಿಲಾಯ್ಡ್ ಜೊತೆ ಸೇರಿ ಅದು ಆ ಹೊಸ್ತಿಲು ದಾಟಿ ಮಿದುಳಿನ ಮೇಲ್ಪದರಕ್ಕೆ ಹರಡಿದಾಗ ಮನೆಯವರಿಗೆ ಕಾಣುವಂಥ ಕಾಯಿಲೆಯಾಗುತ್ತದೆ.

ಹಿಪೊಕ್ಯಾಂಪಸ್ಸಿನ ಕೆಲಸ ಏನು ಗೊತ್ತಾ? ಇವತ್ತು ನಡೆದದ್ದನ್ನು ಲೆಡ್ಜರಿಗೆ ಏರಿಸುವುದು. ಮಾಮೂಲಿ ಮುಪ್ಪಿನಲ್ಲಿ ಎಂಟ್ರಿ ಬಿದ್ದಿರುತ್ತದೆ, ಹುಡುಕಿ ತೆಗೆಯುವುದು ನಿಧಾನ, ಅಷ್ಟೇ. ಹೆಸರು ನಾಲಿಗೆಯ ತುದಿಯಲ್ಲಿ ನಿಲ್ಲುತ್ತದೆ, ರಾತ್ರಿ ಮಲಗುವ ಹೊತ್ತಿಗೆ ತಾನಾಗಿ ನೆನಪಾಗುತ್ತದೆ. ಅಲ್ಝೈಮರಿನಲ್ಲಿ ಎಂಟ್ರಿಯೇ ಬಿದ್ದಿಲ್ಲ, ಹುಡುಕಿದರೆ ಎಲ್ಲಿಂದ ಸಿಗಬೇಕು? ಇದನ್ನು ಕಂಡುಹಿಡಿಯಲು ನರರೋಗ ತಜ್ಞರ ಹತ್ತಿರ ಸರಳವಾದ ಒಂದು ಪರೀಕ್ಷೆ ಇದೆ. ಹದಿನಾರು ಪದಗಳನ್ನು ಒಂದೊಂದು ಸುಳಿವಿನ ಜೊತೆ ಕಲಿಸುತ್ತಾರೆ, ಹಣ್ಣು ಅಂದರೆ ಸೀತಾಫಲ, ವಾದ್ಯ ಅಂದರೆ ಪಿಟೀಲು, ಹೀಗೆ. ಆಮೇಲೆ ಸುಮ್ಮನೆ ಕೇಳಿದರೆ ಆರೋಗ್ಯವಂತ ಮುದುಕರೂ ಕೆಲವನ್ನು ಬಿಡುತ್ತಾರೆ. ಆದರೆ ಹಣ್ಣು ಯಾವುದಿತ್ತು ಅಂದ ಕೂಡಲೇ ಸೀತಾಫಲ ಅನ್ನುತ್ತಾರೆ. ಅಲ್ಝೈಮರ್ ಇರುವವರಿಗೆ ಸುಳಿವು ಕೊಟ್ಟರೂ ಬರುವುದಿಲ್ಲ, ಕೆಲವೊಮ್ಮೆ ಪಟ್ಟಿಯಲ್ಲೇ ಇಲ್ಲದ ಮಾವಿನಹಣ್ಣು ಅನ್ನುತ್ತಾರೆ. ಎಷ್ಟು ಮರೆತರು ಅನ್ನುವುದಕ್ಕಿಂತ ಸುಳಿವು ಕೊಟ್ಟಾಗ ಏನಾಗುತ್ತದೆ ಅನ್ನುವುದೇ ಮುಖ್ಯ.

ನಮ್ಮ ಶಾಖೆಗೆ ಬರುತ್ತಿದ್ದ ಧಾರವಾಡ ಕಡೆಯ ಹಿರಿಯರೊಬ್ಬರ ವಿಷಯ ಹೇಳುತ್ತೇನೆ. ನಿವೃತ್ತ ಮೇಷ್ಟ್ರು, ವಯಸ್ಸು ಅರವತ್ತೆಂಟು, ಮಾತು ಬಲು ಚಂದ. ಒಂದು ಸೋಮವಾರ ಬಂದು ಹತ್ತು ಸಾವಿರ ತೆಗೆದರು. ಬುಧವಾರ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಈ ಹತ್ತು ಸಾವಿರ ಯಾರು ತೆಗೆದರು ಅಂತ ಜಗಳಕ್ಕೆ ನಿಂತರು. ನಾನು ಅವರ ಸ್ಲಿಪ್ ತರಿಸಿ ತೋರಿಸಿದೆ. ಸೋಮವಾರ ಜೋರು ಮಳೆ ಇತ್ತು, ಒದ್ದೆ ಕೊಡೆಯನ್ನು ನನ್ನ ಟೇಬಲ್ಲಿಗೇ ಒರಗಿಸಿದ್ದಿರಿ, ಚಹಾ ಕುಡಿದಿರಿ ಅಂತೆಲ್ಲ ನೆನಪಿಸಿದೆ. ಅವರು ಸ್ಲಿಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ, "ಸಹಿ ನಂದ ಐತ್ರೀ, ಆದ್ರ ನಾ ಬಂದಿಲ್ಲ" ಅಂದರು. ಮಳೆ, ಕೊಡೆ, ಚಹಾ, ಸಹಿ... ಇಷ್ಟು ಸುಳಿವು ಕೊಟ್ಟರೂ ಒಂದೂ ಹತ್ತಲಿಲ್ಲ. 1974ರಲ್ಲಿ ಮೊದಲ ಸಂಬಳ ಎಷ್ಟು ಬಂತು ಅನ್ನುವುದು ಮಾತ್ರ ಪೈಸೆ ಸಮೇತ ನೆನಪಿತ್ತು. ಹಳೆಯ ಲೆಡ್ಜರು ಭದ್ರ, ಹೊಸದರಲ್ಲಿ ಪುಟವೇ ಖಾಲಿ.

ಮಗನಿಗೆ ಫೋನ್ ಮಾಡಿದೆ. ಅವನ ಉತ್ತರ ನೀವು ಊಹಿಸಿರುತ್ತೀರಿ. "ಬಿಡ್ರೀ ಸರ್, ವಯಸ್ಸಾತು ಅವರಿಗೆ." ಅದಾದ ಎರಡು ವರ್ಷದಲ್ಲಿ ಒಬ್ಬ ಏಜೆಂಟ್ ಆ ಮೇಷ್ಟ್ರಿಗೆ ಮೂರು ವಿಮಾ ಪಾಲಿಸಿ ಮಾರಿದ, ಪ್ರತಿ ಸಲವೂ ಅವರಿಗದು ಮೊದಲನೆಯದೇ. ಕೊನೆಗೆ ದಾದರ್ ಸ್ಟೇಷನ್ನಿನಲ್ಲಿ ದಾರಿ ತಪ್ಪಿ, ಪೊಲೀಸರು ಮನೆಗೆ ತಲುಪಿಸಿದ ಮೇಲೆ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದರು. ಅವರು ಮೊದಲು ಥೈರಾಯ್ಡ್, ಬಿ-12, ನಿದ್ದೆ ಮಾತ್ರೆ, ಖಿನ್ನತೆ ಎಲ್ಲ ಪರಿಶೀಲಿಸಿದರು. ಅವುಗಳಿಂದ ಬರುವ ಮರೆವನ್ನು ಎಷ್ಟೋ ಸಲ ಸರಿಪಡಿಸಬಹುದು. ಇವರದ್ದು ಅದಾಗಿರಲಿಲ್ಲ. ಎಂ.ಆರ್.ಐ.ನಲ್ಲಿ ಹಿಪೊಕ್ಯಾಂಪಸ್ ಎರಡೂ ಕಡೆ ಕುಗ್ಗಿತ್ತು. ಬೆನ್ನುಹುರಿಯ ನೀರಿನ ಪರೀಕ್ಷೆಯಲ್ಲಿ ಅಮಿಲಾಯ್ಡ್ ಕಡಿಮೆ, ಟೌ ಹೆಚ್ಚು ಬಂತು. ಅಮಿಲಾಯ್ಡ್ ಕಡಿಮೆ ಅಂದರೆ ಒಳ್ಳೆಯದೇ ಅಲ್ವಾ ಅಂತ ಮಗ ಕೇಳಿದನಂತೆ. ಅಲ್ಲ. ಅದು ಮಿದುಳಿನಲ್ಲೇ ಗಡ್ಡೆಕಟ್ಟಿ ಕೂತಿದ್ದರಿಂದ ನೀರಿಗೆ ಇಳಿಯುವುದು ಕಡಿಮೆಯಾಗಿದೆ. ಸರಕು ಗೋದಾಮಿನಲ್ಲಿ ಸಿಕ್ಕಿಕೊಂಡರೆ ಪೇಟೆಯಲ್ಲಿ ಕಾಣಿಸುತ್ತದೆಯೇ?

ಇನ್ನು ಎದುರು ಪಾರ್ಟಿಯ ವಿಷಯ. ಆರೋಗ್ಯವಾಗಿರುವ ಐವತ್ತೈದರ ಮನುಷ್ಯ ಹೆಸರು ಮರೆತ ಅಂತ ಹೆದರಿಸಿ, ಅಮಿಲಾಯ್ಡ್ ಪರೀಕ್ಷೆ ಮಾಡಿಸಿಬಿಡಿ ಅನ್ನುವವರು. ರಕ್ತದಲ್ಲೇ ಟೌ, ಅಮಿಲಾಯ್ಡ್ ಅಳೆಯುವ ಪರೀಕ್ಷೆಗೆ ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು, ಅದು ಒಳ್ಳೆಯ ಕೆಲಸವೇ. ಆದರೆ ಒಪ್ಪಿಗೆ ಇರುವುದು ಮರೆವಿನ ಲಕ್ಷಣ ಇದ್ದು ತಜ್ಞರ ಬಳಿ ಬಂದವರಿಗೆ, ನನ್ನ ನಿಮ್ಮಂಥವರ ಕುತೂಹಲಕ್ಕಲ್ಲ. ತಜ್ಞರಲ್ಲೇ ಇದರ ಬಗ್ಗೆ ಎರಡು ಪಂಗಡ ಇದೆ. 2024ರಲ್ಲಿ ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ನಿನ ಗುಂಪು, ಪರೀಕ್ಷೆಯಲ್ಲಿ ಬಂದರೆ ಲಕ್ಷಣ ಇಲ್ಲದಿದ್ದರೂ ಅದು ಕಾಯಿಲೆಯೇ ಅಂದಿತು. ಅದೇ ವರ್ಷ ಇನ್ನೊಂದು ಅಂತರರಾಷ್ಟ್ರೀಯ ಗುಂಪು, ಲಕ್ಷಣ ಇಲ್ಲದಿದ್ದರೆ ಅದು ಅಪಾಯದ ಸೂಚನೆ ಮಾತ್ರ, ಕಾಯಿಲೆ ಅನ್ನಬೇಡಿ ಅಂದಿತು. ನನ್ನ ಓಟು ಎರಡನೆಯವರಿಗೆ. ಸಾಲ ಕೇಳಿದವನನ್ನೆಲ್ಲ ಸುಸ್ತಿದಾರ ಅಂತ ಬರೆದುಕೊಳ್ಳಲಾಗುತ್ತದೆಯೇ?

ಗೊತ್ತಾಗಿ ಏನುಪಯೋಗ, ಔಷಧ ಎಲ್ಲಿದೆ ಅಂತ ಕೇಳುತ್ತೀರಿ. ಪ್ರಶ್ನೆ ನ್ಯಾಯವಾದದ್ದೇ. ಲೆಕನೆಮಾಬ್ ಎಂಬ ಔಷಧ ಅಮಿಲಾಯ್ಡನ್ನು ಬಹುಪಾಲು ತೊಳೆದುಹಾಕುತ್ತದೆ, ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ಣ ಒಪ್ಪಿಗೆ ಪಡೆಯಿತು. ಆದರೆ ಹದಿನೆಂಟು ತಿಂಗಳ ಪ್ರಯೋಗದಲ್ಲಿ, 18 ಅಂಕದ ಅಳತೆಯಲ್ಲಿ, ಔಷಧ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಇದ್ದ ಅಂತರ ಅರ್ಧ ಅಂಕಕ್ಕಿಂತ ಕಡಿಮೆ, 0.45. ಕಾಯಿಲೆ ನಿಲ್ಲಲಿಲ್ಲ, ಸ್ವಲ್ಪ ನಿಧಾನವಾಯಿತು. ಕೆಲವರಿಗೆ ಮಿದುಳಿನಲ್ಲಿ ಊತ, ರಕ್ತಸ್ರಾವವೂ ಆಯಿತು. ಅದೂ ಕೊಡುವುದು ಆರಂಭದ ಹಂತದವರಿಗೆ ಮಾತ್ರ. ಮೇಷ್ಟ್ರು ಡಾಕ್ಟರ ಮುಂದೆ ಕೂತಾಗ ಆ ಹಂತ ದಾಟಿಯಾಗಿತ್ತು. ಡೊನೆಪೆಜಿಲ್ ಮಾತ್ರೆ ಬರೆದುಕೊಟ್ಟರು. ಅದು ಟೌವನ್ನೂ ಮುಟ್ಟುವುದಿಲ್ಲ, ಅಮಿಲಾಯ್ಡನ್ನೂ ಮುಟ್ಟುವುದಿಲ್ಲ. ಉಳಿದ ಕೋಶಗಳಿಂದ ಕೆಲವು ಕಾಲ ಸ್ವಲ್ಪ ಹೆಚ್ಚು ಕೆಲಸ ತೆಗೆಯುತ್ತದೆ, ಅಷ್ಟೇ.

ಔಷಧಕ್ಕಿಂತ ದೊಡ್ಡ ನಷ್ಟ ಬೇರೆ ಕಡೆ ಆಯಿತು, ಅದನ್ನು ನನ್ನ ವೃತ್ತಿಯವರೇ ಹೇಳಬೇಕು. ಮಗ ಈಗ ಪವರ್ ಆಫ್ ಅಟಾರ್ನಿ ಮಾಡಿಸಿಕೊಂಡು ಬರುತ್ತೇನೆ ಅಂದ. ನಮ್ಮ ದೇಶದ ಕಾಂಟ್ರಾಕ್ಟ್ ಕಾಯಿದೆಯ ಪ್ರಕಾರ, ಬರೆದುಕೊಟ್ಟವರಿಗೆ ಬುದ್ಧಿ ಸ್ವಾಧೀನ ತಪ್ಪಿದರೆ ಹಿಂದೆ ಕೊಟ್ಟ ಪವರ್ ಕೂಡ ಬಿದ್ದುಹೋಗುತ್ತದೆ. ಹೊಸದನ್ನು ಬರೆದುಕೊಡುವ ಮಾತಂತೂ ಇಲ್ಲವೇ ಇಲ್ಲ. ಎರಡು ವರ್ಷದ ಹಿಂದೆ, ಸೋಮವಾರದ ಎಂಟ್ರಿ ಮಾತ್ರ ಬೀಳದೆ ಉಳಿದ ತಿಳಿವಳಿಕೆಯೆಲ್ಲ ನೆಟ್ಟಗಿದ್ದಾಗ, ಡಾಕ್ಟರ ಚೀಟಿಯೊಂದಿಗೆ ಖಾತೆಯನ್ನು ಹೆಂಡತಿಯ ಜೊತೆ ಜಂಟಿ ಮಾಡಬಹುದಿತ್ತು, ವಿಲ್ ಬರೆಸಬಹುದಿತ್ತು, ಪಾಲಿಸಿ ಏಜೆಂಟನನ್ನು ಬಾಗಿಲಲ್ಲೇ ತಡೆಯಬಹುದಿತ್ತು. ಈಗ ಆ ತಾಯಿ ಗಂಡನ ಠೇವಣಿ ಮುರಿಸಲು ಪಾಲಕರ ನೇಮಕಕ್ಕೆ ಹೈಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಮುಂದಿನ ತಾರೀಖು ಇನ್ನೂ ಬಂದಿಲ್ಲ.