ಶೇ. 10 ಅಂದ್ರೆ ಶೇ. 22

‘ಸರ್, ಫ್ಲಾಟ್ 10 ಪರ್ಸೆಂಟ್ ಅಷ್ಟೇ’ ಅನ್ನುವ ಫೋನು ನನಗೂ ಬರುತ್ತೆ. ಮೋಸ ಇರೋದೇ ಆ ‘ಅಷ್ಟೇ’ಯಲ್ಲಿ.

ಒಂದು ಲಕ್ಷ ಸಾಲ, ಎರಡು ವರ್ಷ ಅಂತಿಟ್ಟುಕೊಳ್ಳಿ. ಬಡ್ಡಿ 20,000. ತಿಂಗಳಿಗೆ 5,000ದಂತೆ 24 ಕಂತು. ಪ್ರತಿ ಕಂತಿನಲ್ಲೂ ಅಸಲು ಕರಗುತ್ತಾ ಹೋಗುತ್ತೆ, ಆದರೆ ಬಡ್ಡಿ ಮಾತ್ರ ಕೊನೇ ತಿಂಗಳವರೆಗೂ ಪೂರ್ತಿ ಲಕ್ಷಕ್ಕೇ! ವಾಪಸ್ ಕೊಟ್ಟ ದುಡ್ಡಿಗೂ ನಾವ್ಯಾಕೆ ಬಡ್ಡಿ ಕಟ್ಟಬೇಕು? ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ. 18.

ಇನ್ನು ಪ್ರೊಸೆಸಿಂಗ್ ಫೀ. ಶೇ. 3, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 3,540 ಮೊದಲೇ ಮುರಿದುಕೊಳ್ಳುತ್ತಾರೆ. ಕೈಗೆ ಬರೋದು 96,460, ಕಂತು ಮಾತ್ರ ಅದೇ 5,000. ಎಕ್ಸೆಲ್‌ನಲ್ಲಿ ಹೀಗೆ ಟೈಪ್ ಮಾಡಿ:

```
=RATE(24,-5000,96460)*12
```

ಉತ್ತರ ಸುಮಾರು ಶೇ. 22. ಇದನ್ನು 10 ಅಂತ ಕರೆಯೋದು ವ್ಯಾಪಾರವಲ್ಲ, ಕಣ್ಕಟ್ಟು.

2024ರ ಅಕ್ಟೋಬರ್ 1ರಿಂದ ಕೊಡುವ ಹೊಸ ರೀಟೇಲ್ ಸಾಲಗಳಿಗೆ, ಫೀ ಸೇರಿಸಿದ ವಾರ್ಷಿಕ ದರವನ್ನು, ಅಂದರೆ ಎಪಿಆರ್ ಅನ್ನು, ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್‌ನಲ್ಲಿ ತೋರಿಸಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಸಹಿಗೆ ಮುಂಚೆ ಆ ಹಾಳೆ ಕೇಳಿ. ಕೊಡೋಕೆ ಮೀನಮೇಷ ಎಣಿಸಿದರೆ ಫೋನ್ ಇಟ್ಟುಬಿಡಿ.